ಮೂವತ್ತೊಂದನೇ ನಿಮಿಷ: ನಮ್ಮ ಪುಟ್ಟಿಯ ಕೋಳಿನಿದ್ದೆಯ ಲೆಕ್ಕ

ಮೈಸೂರಿಗೆ ವಾಪಸ್ ಬಂದಾಗ ಪುಟ್ಟಿಗೆ ಐದು ತಿಂಗಳು ತುಂಬಿ ಒಂದು ವಾರ. ಬಾಣಂತನ ಎಲ್ಲ ಮಂಡ್ಯದ ಹತ್ತಿರ ತವರಲ್ಲೇ ಆಯ್ತು. ಅಲ್ಲಿದ್ದಾಗ ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ ಮಲಗ್ತಿದ್ದ ಮಗು, ಕುವೆಂಪುನಗರದ ಬಾಡಿಗೆ ಮನೆಗೆ ಬಂದ ಮೂರನೇ ದಿನದಿಂದ ಅರ್ಧ ಗಂಟೆಗೆ ಸರಿಯಾಗಿ ಕಣ್ಣು ಬಿಡೋಕೆ ಶುರು ಮಾಡಿತು. ಸರಿಯಾಗಿ ಅಂದರೆ ಗಡಿಯಾರ ಇಟ್ಟ ಹಾಗೆ. ನಾನು ಅನ್ನಕ್ಕೆ ಇಟ್ಟು, ಪಾತ್ರೆ ಅರ್ಧ ತೊಳೆದು, ಇನ್ನೇನು ಒಂದು ಲೋಟ ಕಾಫಿ ಕುಡಿಯೋಣ ಅಂತ ಕೂರುವಷ್ಟರಲ್ಲಿ ರೂಮಿನಿಂದ "ಅಂ" ಅಂತ ಒಂದು ದನಿ. ದಿನಕ್ಕೆ ಐದು ಸಲ ಇದೇ ಕಥೆ.

ಅವ್ವನಿಗೆ ಫೋನ್ ಮಾಡಿದರೆ "ಜಾಗ ಬದ್ಲಾಯ್ತಲ್ವಾ, ಮೊಗೀಗೆ ದೃಷ್ಟಿ ಆಗದೆ, ಉಪ್ಪು ಮೆಣಸಿನಕಾಯಿ ನಿವಾಳ್ಸಿ ಬುಡವ್ವ" ಅಂದಳು. ನಿವಾಳಿಸಿದ್ದೂ ಆಯ್ತು. ಬಜೆ ತೇಯ್ದು ನೆಕ್ಕಿಸು ಅಂದಿದ್ದನ್ನು ಮಾತ್ರ ಮಾಡಲಿಲ್ಲ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ನಮ್ಮ ಮಕ್ಕಳ ಡಾಕ್ಟರು ಮೊದಲೇ ಹೇಳಿದ್ದರು.

ನನಗೆ ಇದ್ದ ಗಡುವು ಬೇರೆ. ಹೆರಿಗೆ ರಜೆ 26 ವಾರ, ಅದರಲ್ಲಿ 22 ಮುಗಿದಿತ್ತು. ಇನ್ನು ನಾಲ್ಕು ವಾರಕ್ಕೆ ನಾನು ಕೆಲಸಕ್ಕೆ ಹೋಗಬೇಕು, ಅವ್ವ ಇಲ್ಲಿಗೆ ಬಂದು ಮಗು ನೋಡಿಕೊಳ್ಳಬೇಕು. ಮಂಡಿನೋವಿನ ಅವ್ವ ದಿನಕ್ಕೆ ಐದು ಸಲ ಮಗು ಮಲಗಿಸೋದು ಆಗದ ಮಾತು. ಹಾಗಾಗಿ ಕೂತು ಲೆಕ್ಕ ಬರೆಯೋಕೆ ಶುರು ಮಾಡಿದೆ. ಆ ನಾಲ್ಕು ವಾರದಲ್ಲಿ ಏನು ಮಾಡಿದೆ, ಏನು ಕೈಕೊಟ್ಟಿತು, ಯಾವುದು ಹಿಡಿಯಿತು ಅನ್ನೋದೇ ಈ ಬರಹ.

ಮೊದಲ ಐದು ದಿನ ಏನನ್ನೂ ಬದಲಾಯಿಸಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟೆ: ಎಷ್ಟೊತ್ತಿಗೆ ಎದ್ದಳು, ಎಷ್ಟೊತ್ತಿಗೆ ಮಲಗಿದಳು, ಎಲ್ಲಿ ಮಲಗಿದಳು, ಎದ್ದಾಗ ನಗು ಇತ್ತಾ ಅಳು ಇತ್ತಾ. ಐದು ದಿನಕ್ಕೆ 25 ನಿದ್ದೆ. ಅದರಲ್ಲಿ 21 ನಿದ್ದೆ 28ರಿಂದ 37 ನಿಮಿಷದ ಒಳಗೆ ಮುಗಿದಿದ್ದವು. ಮಿಕ್ಕ ನಾಲ್ಕೇ ನಾಲ್ಕು ಬೇರೆ ಥರ. ಎರಡು ಸಲ ನನ್ನ ತೊಡೆ ಮೇಲೆ ಮಲಗಿದ್ದಳು, ನಾನು ಅಲ್ಲಾಡದೆ ಕೂತಿದ್ದೆ, ಒಂದು ಗಂಟೆ ದಾಟಿತು. ಒಂದು ಸಲ ಕಾರಿನಲ್ಲಿ. ಇನ್ನೊಂದು ಭಾನುವಾರ, ಎಣ್ಣೆ ನೀರು ಹಾಕಿದ ಮೇಲೆ ಹಾಸಿಗೆಯಲ್ಲೇ 55 ನಿಮಿಷ.

ಈ ನಾಲ್ಕರಲ್ಲೇ ಉತ್ತರ ಇತ್ತು. ಆದರೆ ಅದು ಗೊತ್ತಾಗೋಕೆ ಮೊದಲು ನಿದ್ದೆ ಹೇಗೆ ನಡೆಯುತ್ತೆ ಅಂತ ಸ್ವಲ್ಪ ತಿಳಿಯಬೇಕಾಯ್ತು.

ನಿದ್ದೆ ಒಂದೇ ಸಮ ಇರಲ್ಲ, ಸುತ್ತು ಸುತ್ತಾಗಿ ಬರುತ್ತೆ. ದೊಡ್ಡವರಿಗೆ ಒಂದು ಸುತ್ತು ಸುಮಾರು 90 ನಿಮಿಷ. ಈ ವಯಸ್ಸಿನ ಮಗುವಿಗೆ ಹೆಚ್ಚುಕಡಿಮೆ 45ರಿಂದ 60. ಹುಟ್ಟಿದ ಹೊಸತರಲ್ಲಿ ಮಕ್ಕಳು ಕಣ್ಣು ಮುಚ್ಚಿದ ಕೂಡಲೇ ಮುಖ ಕಿವುಚುವ, ತುಟಿ ಆಡಿಸುವ ಹಗುರ ನಿದ್ದೆಗೆ ಹೋಗುತ್ತವೆ. ಮೂರ್ನಾಲ್ಕು ತಿಂಗಳಾದ ಮೇಲೆ ಇದು ಬದಲಾಗುತ್ತೆ. ಆಮೇಲೆ ಮೊದಲು ಆಳದ ನಿದ್ದೆಗೆ ಇಳಿದು, ಸುಮಾರು ಅರ್ಧ ಗಂಟೆ ಹೊತ್ತಿಗೆ ಮೇಲಕ್ಕೆ ಬಂದು, ಅಲ್ಲಿ ತೆಳು ನಿದ್ದೆಯಲ್ಲಿ ತೇಲಿ, ಮತ್ತೆ ಇಳಿಯಬೇಕು. ಆ ತೇಲುವ ಜಾಗದಲ್ಲಿ ಎಲ್ಲ ಮಕ್ಕಳಿಗೂ ಸ್ವಲ್ಪ ಎಚ್ಚರ ಆಗುತ್ತೆ. ನಮಗೂ ಆಗುತ್ತೆ, ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪೇ ಇರಲ್ಲ ಅಷ್ಟೆ.

ನಮ್ಮ ಮನೆಯಲ್ಲಿ ಇದಕ್ಕೆ ಕುಕ್ಕರೇ ಸಾಕ್ಷಿ. ಪುಟ್ಟಿ ಮಲಗಿ ಹತ್ತು ಹನ್ನೆರಡು ನಿಮಿಷಕ್ಕೆ ಕುಕ್ಕರ್ ಮೂರು ಸೀಟಿ ಹೊಡೆದರೂ ರೆಪ್ಪೆ ಅಲ್ಲಾಡಲ್ಲ. ಅದೇ 32ನೇ ನಿಮಿಷಕ್ಕೆ ಅಡುಗೆಮನೆಯಲ್ಲಿ ಒಂದು ಚಮಚ ಬಿದ್ದರೂ ಎದ್ದು ಕೂತ ಹಾಗೆ. ಸದ್ದು ಅದೇ, ಮಗು ಅದೇ, ನಿದ್ದೆಯ ಆಳ ಮಾತ್ರ ಬೇರೆ.

ಹಾಗಾದರೆ ಮೇಲೆ ತೇಲಿ ಬಂದ ಮಗು ಕೆಲವೊಮ್ಮೆ ಮತ್ತೆ ಇಳಿಯುತ್ತೆ, ಕೆಲವೊಮ್ಮೆ ಎದ್ದೇ ಬಿಡುತ್ತೆ, ಯಾಕೆ? ನಾನು ನೋಡಿದ ಮಟ್ಟಿಗೆ ಎರಡು ಕಾರಣ.

ಒಂದು, ಮಲಗುವಾಗ ಇದ್ದದ್ದು ಎಚ್ಚರ ಆದಾಗ ಇರಲ್ಲ. ಮಂಡ್ಯದಲ್ಲಿ ಪುಟ್ಟಿ ಮಲಗುತ್ತಿದ್ದದ್ದು ಸೀರೆಯ ಜೋಲಿಯಲ್ಲಿ. ಅವ್ವ ಜೋಲಿಗೆ ಹಗ್ಗ ಕಟ್ಟಿ, ಅದರ ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಹುಣಸೆಹಣ್ಣು ಬಿಡಿಸುತ್ತಾ ಕೂರುತ್ತಿದ್ದಳು. ಮಗು ಒಂಚೂರು ಮಿಸುಕಿದರೆ ಹೆಬ್ಬೆರಳು ತಾನಾಗೇ ಆಡುತ್ತಿತ್ತು. ಅವಳಿಗೇ ಅದು ಗೊತ್ತಾಗ್ತಿರಲಿಲ್ಲ. ಅಂದರೆ ಆ ಒಂದೂವರೆ ಗಂಟೆ ಪುಟ್ಟಿ ತಾನಾಗಿ ಮಲಗಿದ್ದಲ್ಲ, 31ನೇ ನಿಮಿಷದಲ್ಲಿ ಅವ್ವನ ಹೆಬ್ಬೆರಳು ಅವಳನ್ನು ದಾಟಿಸುತ್ತಿತ್ತು. ಮೈಸೂರಿನಲ್ಲಿ ನಾನು ತೂಗಿ ಮಲಗಿಸಿ ಅಡುಗೆಮನೆಗೆ ಓಡುತ್ತಿದ್ದೆ. ಎಚ್ಚರ ಆದಾಗ ತೂಗಾಟ ನಿಂತಿದೆ, ಅಮ್ಮ ಇಲ್ಲ. ನೀವು ರೂಮಿನಲ್ಲಿ ಮಲಗಿ ರಾತ್ರಿ ಕಣ್ಣು ಬಿಟ್ಟಾಗ ಟೆರೇಸ್ ಮೇಲೆ ಇದ್ದರೆ ಮಗ್ಗುಲು ಬದಲಿಸಿ ಮಲಗುತ್ತೀರಾ? ಇಲ್ಲ ಅಲ್ವಾ.

ಇದಕ್ಕೆ ಮೊದಲು ಒಂದು ದುಡ್ಡು ದಂಡ ಮಾಡಿದ ಕಥೆಯೂ ಇದೆ. ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರು, ಹಗಲು ಮನೆಯಲ್ಲಿ ನಾನೊಬ್ಬಳೇ, ಪಾಪ ಅಂತ ತಾನಾಗಿ ತೂಗುವ ಕರೆಂಟ್ ತೊಟ್ಟಿಲು ತಂದರು. ಅದಕ್ಕೆ ಟೈಮರ್ ಇತ್ತು, ಅರ್ಧ ಗಂಟೆಗೆ ನಿಲ್ಲುತ್ತಿತ್ತು. ಸರಿಯಾಗಿ ಮಗು ತೇಲಿ ಬರುವ ಹೊತ್ತಿಗೆ! ಟೈಮರ್ ತೆಗೆದು ಸುಮ್ನೆ ಓಡಿಸಿದೆವು. ಎರಡು ದಿನ 50 ನಿಮಿಷ ಬಂತು, ಮೂರನೇ ದಿನ ಕರೆಂಟ್ ಹೋಯ್ತು, ಕಥೆ ಮುಗಿಯಿತು.

ಎರಡನೇ ಕಾರಣ ನಾನು ಊಹಿಸಿಯೇ ಇರಲಿಲ್ಲ. ಭಾನುವಾರದ ಆ 55 ನಿಮಿಷದ ನಿದ್ದೆಗೆ ಯಾರೂ ತೂಗಿರಲಿಲ್ಲ, ಯಾರೂ ಪಕ್ಕದಲ್ಲಿ ಇರಲಿಲ್ಲ. ಎಣ್ಣೆ ನೀರಿನ ಮಹಿಮೆ ಅಂತ ಎಲ್ಲರೂ ಹೇಳ್ತಾರೆ, ನಾನೂ ಅಂದುಕೊಂಡೆ. ಕ್ಯಾಲೆಂಡರ್ ನೋಡಿದರೆ ಬೇರೆ ವಿಷಯ. ಬೇರೆ ದಿನ ಪುಟ್ಟಿ ಎದ್ದು ಒಂದೂಕಾಲು ಗಂಟೆಗೆ ನಾನು ಮಲಗಿಸುತ್ತಿದ್ದೆ. ಆ ದಿನ ಎಣ್ಣೆ ತಿಕ್ಕಿ, ನೀರು ಹಾಕಿ, ಒರೆಸಿ, ಹಾಲು ಕುಡಿಸುವಷ್ಟರಲ್ಲಿ ಎರಡು ಗಂಟೆ ಎಚ್ಚರವಾಗಿದ್ದಳು. ಸಾಕಷ್ಟು ಹೊತ್ತು ಎಚ್ಚರ ಇದ್ದರೆ ನಿದ್ದೆಯ ಹಸಿವು ಜಾಸ್ತಿ ಆಗುತ್ತೆ, ಆ ಹಸಿವೇ ಎರಡನೇ ಸುತ್ತಿಗೆ ಎಳೆದುಕೊಂಡು ಹೋಗುತ್ತೆ. ಹಸಿವು ಕಮ್ಮಿ ಇದ್ದರೆ ಒಂದೇ ಸುತ್ತಿಗೆ ಹೊಟ್ಟೆ ತುಂಬಿತು ಅಂತ ಏಳುತ್ತೆ. ರಾತ್ರಿ ಇದೇ ಮಗು ಸುತ್ತು ಮೇಲೆ ಸುತ್ತು ಮಲಗೋದೂ ಇದಕ್ಕೇ. ರಾತ್ರಿ ಕತ್ತಲೆ ಇದೆ, ದಿನವೆಲ್ಲ ಕೂಡಿಟ್ಟ ಹಸಿವು ಇದೆ, ಮೈಯೊಳಗಿನ ಗಡಿಯಾರವೂ ಮಲಗು ಅನ್ನುತ್ತೆ. ಹಗಲಿಗೆ ಆ ಸಹಾಯ ಇಲ್ಲ. ಅದಕ್ಕೇ ಹಗಲು ನಿದ್ದೆ ಕಟ್ಟಿಕೊಳ್ಳೋದು ಯಾವಾಗಲೂ ರಾತ್ರಿ ನಿದ್ದೆಗಿಂತ ತಡ.

ನಾನು ಸಿಕ್ಕಿಹಾಕಿಕೊಂಡಿದ್ದು ಒಂದು ಗಾಣದಲ್ಲಿ. ಅರ್ಧ ಗಂಟೆಗೆ ಎದ್ದಿದ್ದಕ್ಕೆ ಬೇಗ ಸುಸ್ತಾಗುತ್ತೆ, ಒಂದು ಗಂಟೆಗೇ ಆಕಳಿಸುತ್ತೆ, ಆಕಳಿಸಿತು ಅಂತ ಬೇಗ ಮಲಗಿಸುತ್ತೇನೆ, ಹಸಿವು ಸಾಲದೆ ಮತ್ತೆ ಅರ್ಧ ಗಂಟೆಗೆ ಏಳುತ್ತೆ. ಐದು ತಿಂಗಳ ಮಗುವಿನ ಎಲ್ಲ ಆಕಳಿಕೆಯೂ ನಿದ್ದೆಯದ್ದಲ್ಲ. ಒಂದೇ ಗೊಂಬೆ, ಒಂದೇ ಫ್ಯಾನು ನೋಡಿ ಬೇಜಾರಾದರೂ ಆಕಳಿಸುತ್ತೆ. ಟೆರೇಸಿಗೆ ಕರೆದುಕೊಂಡು ಹೋಗಿ ಕಾಗೆ ತೋರಿಸಿದರೆ ಆಕಳಿಕೆ ಮಾಯ.

ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬಂದೆ. ಕಿವಿ ನೋಡಿದರು, ತೂಕ ನೋಡಿದರು, ಗೊರಕೆ ಹೊಡೆಯುತ್ತಾಳಾ, ಮಲಗಿಸಿದಾಗ ಹಾಲು ಬಾಯಿಗೆ ಬಂದು ಒದ್ದಾಡುತ್ತಾಳಾ ಅಂತ ಕೇಳಿದರು. ಯಾವುದೂ ಇರಲಿಲ್ಲ. ಇದ್ದಿದ್ದರೆ ಮುಂದಿನದೆಲ್ಲ ಮಾಡಿ ಉಪಯೋಗವೇ ಇಲ್ಲ, ಮೊದಲು ಅದನ್ನು ನೋಡಬೇಕು. ಅವರು ಇನ್ನೊಂದು ಮಾತು ಹೇಳಿದರು: ಐದಾರು ತಿಂಗಳ ತನಕ ಈ ಚಿಕ್ಕ ನಿದ್ದೆ ರೋಗ ಅಲ್ಲ, ಮಗು ನಗುತ್ತಾ ಎದ್ದು ಮುಂದಿನ ಒಂದೂವರೆ ಎರಡು ಗಂಟೆ ಆಟ ಆಡಿಕೊಂಡಿದ್ದರೆ ಅದಕ್ಕೆ ಅಷ್ಟೇ ಸಾಕು ಅಂತ ಬಿಟ್ಟುಬಿಡಿ. ನಮ್ಮವಳು ನಗುತ್ತಾ ಏಳುತ್ತಿರಲಿಲ್ಲ. 25ರಲ್ಲಿ 17 ಸಲ ಅಳುತ್ತಾ, ಕಣ್ಣು ಉಜ್ಜುತ್ತಾ ಎದ್ದಿದ್ದಳು. ದಿನದ ಒಟ್ಟು ನಿದ್ದೆ ಸುಮಾರು 12 ಗಂಟೆ ಬರುತ್ತಿತ್ತು. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ಬೇಕು ಅಂತ ಲೆಕ್ಕ. ನಾವು ಆ ಗೆರೆಯ ಅಂಚಿನಲ್ಲಿ ನಿಂತಿದ್ದೆವು.

ಹಾಗಾಗಿ ತೀರ್ಮಾನ ಮಾಡಿದೆ. ಐದೂ ನಿದ್ದೆಗೆ ಕೈ ಹಾಕಲ್ಲ. ಬೆಳಗಿನ ಮೊದಲ ನಿದ್ದೆ ಒಂದೇ. ಮಿಕ್ಕ ನಾಲ್ಕು ಹೇಗಾದರೂ ಆಗಲಿ, ತೊಡೆ ಮೇಲೋ ಹೆಗಲ ಮೇಲೋ. ಇದು ನಾನು ತಗೊಂಡ ಒಳ್ಳೆಯ ತೀರ್ಮಾನ, ಯಾಕಂದರೆ ಐದಕ್ಕೂ ಹೋರಾಡಿದ್ದರೆ ಮೂರನೇ ದಿನಕ್ಕೆ ನಾನೂ ಅಳುತ್ತಿದ್ದೆ.

ರೂಮಿನ ಕೆಲಸ ಒಂದು ಸಂಜೆಯದ್ದು. ಕಿಟಕಿ ಪೂರ್ವಕ್ಕೆ, ಒಂಬತ್ತು ಗಂಟೆ ಬಿಸಿಲು ನೇರ ಹಾಸಿಗೆ ಮೇಲೆ. ಅಂಗಡಿಯಿಂದ ಕಪ್ಪು ಚಾರ್ಟ್ ಪೇಪರ್ ತಂದು ಗಾಜಿಗೆ ಅಂಟಿಸಿದೆ, ಮೇಲೊಂದು ಹಳೆ ಬೆಡ್‌ಶೀಟ್. ಮಾರ್ಚ್ ಸೆಕೆ, ಫ್ಯಾನ್ ಬೇಕೇ ಬೇಕು, ಅದರ ಗುಂಯ್ ಸದ್ದೂ ಒಂದು ಸಹಾಯ. ಕರೆಂಟ್ ಹೋದಾಗ ಆ ಸದ್ದು ನಿಂತದ್ದಕ್ಕೇ ಮಗು ಏಳುತ್ತೆ ಅಂತ ಗೊತ್ತಾದ ಮೇಲೆ ಹಳೆ ಫೋನಿನಲ್ಲಿ ಮಳೆ ಸದ್ದು ಹಾಕಿ, ಹಾಸಿಗೆಯಿಂದ ಆರೇಳು ಅಡಿ ದೂರ, ನಾವು ಮೆಲ್ಲಗೆ ಮಾತಾಡುವಷ್ಟೇ ದನಿಯಲ್ಲಿ ಇಟ್ಟೆ. ಮಗುವಿನ ಕಿವಿ ಹತ್ತಿರ ಇಡಬಾರದು, ಜೋರಾಗಿಯೂ ಬೇಡ.

ಜೋಲಿ ಮಾತ್ರ ಬಿಡಬೇಕಾಯ್ತು. ನಿದ್ದೆ ವಿಷಯ ಹಾಗಿರಲಿ, ಪುಟ್ಟಿ ಮಗುಚಲು ಶುರು ಮಾಡಿದ್ದಳು. ಸೀರೆಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ಕಷ್ಟ, ಮಗುಚಿ ಮುಖ ಬಟ್ಟೆಗೆ ಸಿಕ್ಕಿದರೆ ಇನ್ನೂ ಅಪಾಯ. ಅವ್ವ ಎದುರಿಗೆ ಕೂತಿರುತ್ತಿದ್ದಳು ಸರಿ, ನಾನು ಅಡುಗೆಮನೆಯಲ್ಲಿ. ನೆಲದ ಮೇಲೆ ಗಟ್ಟಿ ಹತ್ತಿ ಹಾಸಿಗೆ, ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅಷ್ಟೇ. ತಲೆ ದುಂಡಗಾಗಲಿ ಅಂತ ಅವ್ವ ಹೊಲಿದುಕೊಟ್ಟಿದ್ದ ಸಾಸಿವೆ ದಿಂಬನ್ನೂ ತೆಗೆದಿಟ್ಟೆ. ಹೊದಿಕೆ ಇಲ್ಲ, ಗೊಂಬೆ ಇಲ್ಲ. ಯಾವಾಗಲೂ ಅಂಗಾತ ಮಲಗಿಸೋದು. ಕೈಕಾಲು ಕಟ್ಟಿ ಬಟ್ಟೆ ಸುತ್ತೋದನ್ನೂ ನಿಲ್ಲಿಸಿದೆ, ಮಗುಚುವ ಮಗುವಿಗೆ ಅದು ಬೇಡವೇ ಬೇಡ.

ಆಮೇಲೆ ಎಚ್ಚರದ ಹೊತ್ತು. ಒಂದೂಕಾಲು ಗಂಟೆಯಿಂದ ಒಮ್ಮೆಲೇ ಎರಡಕ್ಕೆ ಹೋಗಲಿಲ್ಲ. ಮೊದಲ ಎರಡು ದಿನ ಒಂದೂವರೆ, ಮುಂದಿನ ಎರಡು ದಿನ ಒಂದೂಮುಕ್ಕಾಲು, ಐದನೇ ದಿನದಿಂದ ಎರಡು. ಸರಿ ಹೊತ್ತು ಯಾವುದು ಅಂತ ತಿಳಿಯೋಕೆ ಒಂದು ಸುಲಭದ ಗುರುತು ಸಿಕ್ಕಿತು. ಮಲಗಿಸಿದ ಮೇಲೆ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕು ಅನ್ನೋದು. ಇಪ್ಪತ್ತು ನಿಮಿಷ ಕಾಲು ಎತ್ತಿ ಆಟ ಆಡುತ್ತಿದ್ದರೆ ಇನ್ನೂ ಬೇಗ ಆಯ್ತು ಅಂತ ಅರ್ಥ. ಬೆನ್ನು ಬಿಲ್ಲು ಮಾಡಿ ಕಿರುಚಿ, ಆಮೇಲೆ ದಿಢೀರ್ ಅಂತ ಎರಡು ನಿಮಿಷಕ್ಕೆ ಬಿದ್ದು ಮಲಗಿದರೆ ತಡ ಆಯ್ತು ಅಂತ. ಐದರಿಂದ ಹದಿನೈದು ನಿಮಿಷಕ್ಕೆ ಮೆಲ್ಲಗೆ ಹೋದರೆ ಸರಿ. ಪುಟ್ಟಿಗೆ ಅದು ಎರಡು ಗಂಟೆಯ ಆಸುಪಾಸು ಬಂತು. ಎಲ್ಲ ಮಕ್ಕಳಿಗೂ ಅದೇ ಬರಲ್ಲ, ಕಾಲು ಗಂಟೆ ಆಚೀಚೆ ಇದ್ದೇ ಇರುತ್ತೆ.

ಹಾಲಿನ ಜಾಗವನ್ನೂ ಸರಿಸಿದೆ. ಮೊದಲು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುತ್ತಿದ್ದಳು. ಈಗ ಎದ್ದ ಕೂಡಲೇ ಒಂದು ಸಲ ಹೊಟ್ಟೆ ತುಂಬ, ಮಲಗಿಸುವ ಅರ್ಧ ಗಂಟೆ ಮುಂಚೆ ಇನ್ನೊಂದು ಸಲ. ಹೀಗಾದರೆ ಅರ್ಧ ಗಂಟೆಗೆ ಎದ್ದಾಗ ಹಸಿವಾ ನಿದ್ದೆಯಾ ಅನ್ನೋ ಗೊಂದಲ ಇರಲ್ಲ.

ಇನ್ನು ನಡೆದದ್ದು.

ಮೊದಲ ದಿನ ಹಾಸಿಗೆಯಲ್ಲಿ ಮಲಗಿಸಿ ಎದೆ ಮೇಲೆ ಕೈ ಇಟ್ಟು ತಟ್ಟಿದೆ. ಅಳು. ಎತ್ತಿಕೊಂಡೆ, ಸಮಾಧಾನ ಆಯ್ತು, ಇಳಿಸಿದೆ, ಮತ್ತೆ ಅಳು. 25 ನಿಮಿಷ ಆದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಮಲಗಿಸಿದೆ. 33 ನಿಮಿಷಕ್ಕೆ ಎದ್ದಳು.

ಎರಡನೇ ದಿನ 18 ನಿಮಿಷದಲ್ಲಿ ಹಾಸಿಗೆಯಲ್ಲೇ ನಿದ್ದೆ. ನನಗೆ ಖುಷಿಯೋ ಖುಷಿ. 31ಕ್ಕೆ ಎದ್ದಳು, ನಾನು ಕೈ ಒರೆಸಿಕೊಂಡು ಓಡಿ ಬಂದೆ, ಕೈ ಇಟ್ಟೆ, ಅಷ್ಟರಲ್ಲಿ ಕಣ್ಣು ಪೂರ್ತಿ ತೆರೆದು ಫ್ಯಾನ್ ನೋಡುತ್ತಿದ್ದಳು. ಹದಿನೈದು ನಿಮಿಷ ತಟ್ಟಿದೆ. ಆಗಲಿಲ್ಲ. ಪೂರ್ತಿ ಎಚ್ಚರ ಆದ ಮಗುವನ್ನು ಮತ್ತೆ ಇಳಿಸೋದು ಕಷ್ಟ. ಕೈ ಮೊದಲೇ ಅಲ್ಲಿ ಇರಬೇಕಿತ್ತು.

ಮೂರನೇ ದಿನ 25ನೇ ನಿಮಿಷಕ್ಕೇ ಹೋಗಿ ಪಕ್ಕದಲ್ಲಿ ಕೂತೆ. 29ಕ್ಕೆ ಬೆರಳು ಮಿಡುಕಿತು, ರೆಪ್ಪೆ ಒಳಗೆ ಕಣ್ಣು ಓಡಿತು. ನಾನು ಗಾಬರಿಯಲ್ಲಿ ಜೋರು ಜೋರು ತಟ್ಟಿ ನಾನೇ ಎಬ್ಬಿಸಿದೆ! ಅವತ್ತು ಕಲಿತದ್ದು ಇಷ್ಟು: ಆ ಹೊತ್ತಿನಲ್ಲಿ ಕೈ ಭಾರವಾಗಿ, ಅಲ್ಲಾಡದೆ ಇರಬೇಕು. ತಟ್ಟೋದಾದರೆ ಉಸಿರಿನ ಲಯಕ್ಕೆ, ನಿಧಾನ. ಮಾತಾಡಬಾರದು, ಕಣ್ಣಿಗೆ ಕಣ್ಣು ಕೊಡಬಾರದು. ಕಣ್ಣು ಕೊಟ್ಟರೆ ಮುಗೀತು, ನಕ್ಕೇ ಬಿಡುತ್ತಾಳೆ.

ನಾಲ್ಕನೇ ದಿನ. 25ಕ್ಕೆ ಕೂತೆ. 30ಕ್ಕೆ ಮುಷ್ಟಿ ಬಿಗಿಯಾಯ್ತು, ತುಟಿ ಚಪ್ಪರಿಸಿದಳು. ಸೊಂಟದ ಮೇಲೆ ಒಂದು ಕೈ, ಎದೆ ಮೇಲೆ ಇನ್ನೊಂದು, ಸ್ವಲ್ಪ ಒತ್ತಡ, ಅಷ್ಟೇ. ಕಾಲು ಒದ್ದಳು. "ಅಂ" ಅಂದಳು. ಕಣ್ಣು ಅರ್ಧ ತೆರೆಯಿತು, ನಾನು ಗೋಡೆ ನೋಡುತ್ತಾ ಕೂತೆ. ರೆಪ್ಪೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಬಿಗಿಯಾಗಿದ್ದ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು. ಎಂಟು ನಿಮಿಷ ಆಗಿತ್ತು, ನನ್ನ ಕಾಲು ಜೋಮು ಹಿಡಿದಿತ್ತು. ಒಂದು ಕೈ ತೆಗೆದೆ, ಒಂದು ನಿಮಿಷ ಬಿಟ್ಟು ಇನ್ನೊಂದು. ಅವತ್ತು 72 ನಿಮಿಷ ಮಲಗಿದಳು. ನಾನು ರೂಮಿನ ಬಾಗಿಲಲ್ಲೇ ಕೂತು ತಣ್ಣಗಾದ ಕಾಫಿ ಕುಡಿದೆ.

ಐದನೇ ದಿನ ಎಲ್ಲ ಸರಿ ಇತ್ತು, 32ನೇ ನಿಮಿಷಕ್ಕೆ ಕೆಳಗೆ ರಸ್ತೆಯಲ್ಲಿ "ಸೊಪ್ಪೋ... ದಂಟು, ಮೆಂತ್ಯ, ಸಬ್ಬಸಿಗೆ..." ಅಂತ ಕೂಗು. ಎದ್ದಳು. ಏನು ಮಾಡೋದು, ಎದ್ದು ಹೋಗಿ ಎರಡು ಕಟ್ಟು ಮೆಂತ್ಯ ತಗೊಂಡೆ.

ಆರನೇ ದಿನ ಇನ್ನೊಂದು ತಾಪತ್ರಯ. ತೇಲುವ ಹೊತ್ತಿಗೆ ಮಗುಚಿ ಬೋರಲಾದಳು, ವಾಪಸ್ ಬರೋಕೆ ಬರಲ್ಲ, ಸಿಟ್ಟಿನಿಂದ ಅಳು. ಹೊಸದಾಗಿ ಕಲಿತ ವಿದ್ಯೆಯನ್ನು ಮಕ್ಕಳು ನಿದ್ದೆಯಲ್ಲೂ ಮಾಡುತ್ತವೆ. ಇದಕ್ಕೆ ರೂಮಿನಲ್ಲಿ ಮದ್ದಿಲ್ಲ, ಹಗಲು ಚಾಪೆ ಮೇಲೆ ಆಕಡೆ ಈಕಡೆ ಮಗುಚಿಸಿ ಆಡಿಸಿದರೆ ಎರಡೂ ಕಡೆ ಬರುತ್ತೆ. ನಾಲ್ಕೈದು ದಿನ ಅದೇ ಆಟ. ಎರಡೂ ಕಡೆ ತಾನಾಗಿ ಮಗುಚಲು ಬಂದ ಮೇಲೆ, ನಾನು ಅಂಗಾತ ಮಲಗಿಸಿದರೂ ಅವಳೇ ಮಗ್ಗುಲಾದರೆ ಹಾಗೇ ಬಿಟ್ಟೆ.

ಏಳನೇ ದಿನ ಭಾನುವಾರ, ಎಣ್ಣೆ ನೀರು, ಎರಡು ಗಂಟೆ ಎಚ್ಚರ, 30ಕ್ಕೆ ಕೈ. 80 ನಿಮಿಷ. ಸಾಂಬ್ರಾಣಿ ಹೊಗೆ ಹಾಕಲಿಲ್ಲ ಅಂತ ಅವ್ವ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ಎಳೆ ಮಗುವಿನ ಶ್ವಾಸಕ್ಕೆ ಹೊಗೆ ಯಾಕೆ, ಎಣ್ಣೆ ನೀರೇ ಸಾಕು.

ಎಂಟರಿಂದ ಹತ್ತನೇ ದಿನ ಕೈ ಇಡುವ ಹೊತ್ತನ್ನು ಕಡಿಮೆ ಮಾಡಿದೆ. ಮೊದಲು ಐದು ನಿಮಿಷ, ಆಮೇಲೆ ಮೂರು, ಆಮೇಲೆ ಬರೀ ಪಕ್ಕದಲ್ಲಿ ಕೂತಿದ್ದೆ. ಮಲಗಿಸುವಾಗಲೂ ಹಾಗೇ, ಪೂರ್ತಿ ನಿದ್ದೆ ಬರುವ ತನಕ ತಟ್ಟುತ್ತಿರಲಿಲ್ಲ, ರೆಪ್ಪೆ ಭಾರ ಆದ ಕೂಡಲೇ ಕೈ ನಿಲ್ಲಿಸುತ್ತಿದ್ದೆ. ನನ್ನ ಪ್ರಕಾರ ಇಡೀ ಪ್ರಯತ್ನದಲ್ಲಿ ಇದೇ ಮುಖ್ಯ. ಕೊನೇ ಒಂದು ನಿಮಿಷ ಅವಳು ಒಬ್ಬಳೇ ಇಳಿದರೆ, ಮಧ್ಯದಲ್ಲಿ ತೇಲಿ ಬಂದಾಗಲೂ ಒಬ್ಬಳೇ ಇಳಿಯೋಕೆ ಗೊತ್ತಿರುತ್ತೆ. ಬರೀ 30ನೇ ನಿಮಿಷಕ್ಕೆ ಕೈ ಇಟ್ಟುಕೊಂಡೇ ಇದ್ದರೆ ಅವ್ವನ ಹೆಬ್ಬೆರಳಿನ ಜಾಗಕ್ಕೆ ನನ್ನ ಕೈ ಬಂತು ಅಷ್ಟೇ, ಮಗು ಏನೂ ಕಲಿಯಲಿಲ್ಲ.

ಹನ್ನೊಂದನೇ ದಿನ ನಾನು ಒಳಗೆ ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. 33ಕ್ಕೆ ಸದ್ದು ಶುರು. ಗುರ್ ಗುರ್, ಸಣ್ಣ ಕೊಸರಾಟ, ಕಣ್ಣು ಮುಚ್ಚಿಯೇ ಇತ್ತು. ಇದಕ್ಕೆ ಮುಂಚೆ ಈ ಸದ್ದಿಗೇ ಓಡಿ ಹೋಗಿ ಎತ್ತಿಕೊಳ್ಳುತ್ತಿದ್ದೆ, ಎಷ್ಟು ಸಲ ಮಲಗಿದ್ದ ಮಗುವನ್ನು ನಾನೇ ಎಬ್ಬಿಸಿದ್ದೆನೋ. ಇದು ಅಳು ಅಲ್ಲ, ನಿದ್ದೆಯ ಸದ್ದು. ಅಳು ಬೇರೆ ಥರ, ಬಾಯಿ ತೆರೆದು ದನಿ ಏರುತ್ತಾ ಹೋಗುತ್ತೆ, ಅದು ಬಂದರೆ ಹೋಗಿ ಎತ್ತಿಕೊಳ್ಳೋದೇ. ಅವತ್ತು ನಾಲ್ಕು ನಿಮಿಷ ಕೊಸರಾಡಿದಳು. ಬೆರಳು ಬಾಯಿಗೆ ಹೋಯ್ತು. ಸುಮ್ಮನಾಯ್ತು. 68 ನಿಮಿಷ.

ಆಮೇಲೆ ದಿನಾ ಹೀಗೇ ಆಯ್ತು ಅಂತಲ್ಲ. ಮೂರನೇ ವಾರ ನೆಗಡಿ ಬಂದು ಮೂಗು ಕಟ್ಟಿತು, ನಾಲ್ಕು ದಿನ ಮತ್ತೆ 30, 34, 29. ಆಗ ಏನೂ ಮಾಡಲಿಲ್ಲ, ಹೆಗಲ ಮೇಲೇ ಮಲಗಿಸಿದೆ. ನೆಗಡಿ ಹೋದ ಎರಡು ದಿನಕ್ಕೆ ತಾನಾಗಿ ಹಳಿಗೆ ಬಂತು. ನಿದ್ದೆ ಮೊಟಕಾದ ದಿನ ರಾತ್ರಿ ಅರ್ಧ ಗಂಟೆ ಬೇಗ, ಏಳಕ್ಕೆಲ್ಲ ಮಲಗಿಸುತ್ತಿದ್ದೆ. ಹಗಲು ಕಮ್ಮಿ ಆಯ್ತು ಅಂತ ಸಂಜೆ ಆರಕ್ಕೆ ಇನ್ನೊಂದು ನಿದ್ದೆ ಹಾಕಿಸಿದರೆ ರಾತ್ರಿ ಹತ್ತಾದರೂ ಮಲಗಲ್ಲ, ಅದನ್ನೂ ಒಂದು ಸಲ ಮಾಡಿ ಅನುಭವಿಸಿದ್ದೇನೆ.

ಬೆಳಗಿನದು ಸುಮಾರಾಗಿ ಕೂತ ಮೇಲೆ ಎರಡನೇ ನಿದ್ದೆಗೆ ಇದೇ ಕ್ರಮ ಹಿಡಿದೆ. ಅದಕ್ಕೆ ಒಂದೇ ವಾರ ಸಾಕಾಯ್ತು. ಮೂರನೆಯದು ಸಂಜೆಯದ್ದು, ಅದು 35 ನಿಮಿಷವೇ. ಅದನ್ನು ಉದ್ದ ಮಾಡುವ ಗೋಜಿಗೆ ಹೋಗಲಿಲ್ಲ, ರಾತ್ರಿ ತನಕ ತಳ್ಳೋಕೆ ಒಂದು ಸೇತುವೆ ಅಷ್ಟೇ ಅದು. ನಾಲ್ಕನೇ ವಾರದ ಕೊನೆಗೆ ಐದು ನಿದ್ದೆ ಮೂರಾಗಿತ್ತು. ಹಗಲು ಎರಡೂವರೆ ಗಂಟೆ ಇದ್ದದ್ದು ಹೆಚ್ಚುಕಡಿಮೆ ಮೂರು, ರಾತ್ರಿ ಹತ್ತರ ಹತ್ತಿರ. ರಾತ್ರಿ ಹಾಲಿಗೆ ಈಗಲೂ ಎರಡು ಸಲ ಏಳುತ್ತಾಳೆ, ಈ ವಯಸ್ಸಿಗೆ ಅದು ಇರುವಂಥದ್ದೇ, ಅದಕ್ಕೆ ನಾನು ಕೈ ಹಾಕಿಲ್ಲ.

ನಮ್ಮ ಓಣಿಯ ಒಬ್ಬಳು ಗೆಳತಿ ತನ್ನ ಎರಡೂವರೆ ತಿಂಗಳ ಮಗುವಿಗೆ ಇದನ್ನೇ ಮಾಡಲಾ ಅಂತ ಕೇಳಿದಳು. ಬೇಡ ಅಂದೆ. ಆ ವಯಸ್ಸಿನಲ್ಲಿ ಹಗಲು ರಾತ್ರಿಯ ಲಯವೇ ಇನ್ನೂ ಕೂಡಿರಲ್ಲ, 20 ನಿಮಿಷಕ್ಕೆ ಏಳಲಿ, ಎರಡು ಗಂಟೆ ಮಲಗಲಿ, ಎತ್ತಿಕೊಂಡು ತೂಗಿ ಹೇಗಾದರೂ ಮಲಗಿಸಿದರಾಯ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಹುಟ್ಟಿದ ದಿನದಿಂದ ಅಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು.

ಅವ್ವ ಬಂದಳು. ಮೊದಲ ದಿನವೇ ಜೋಲಿ ಎಲ್ಲಿ ಅಂತ ಕೇಳಿದಳು. "ಮೊಗೀನ ನೆಲದ ಮ್ಯಾಲೆ ಬುಟ್ಟು ಮಲ್ಗಿಸ್ತೀಯಾ, ಏನ್ ಮನ್ಸವ್ವ ನಿಂದು" ಅಂದಳು. ನಾನು ವಾದ ಮಾಡಲಿಲ್ಲ. ಬೆಳಿಗ್ಗೆ ಮಲಗಿಸಿ ಅವಳನ್ನೇ ಬಾಗಿಲ ಹತ್ತಿರ ಕೂರಿಸಿದೆ, "ಅವ್ವ, ಅರ್ಧ ಗಂಟೆಗೆ ಕೊಸರಾಡ್ತಾಳೆ, ಎತ್ಕೊಬೇಡ, ಸುಮ್ನೆ ನೋಡು" ಅಂದೆ. ಕೊಸರಾಟ ಶುರುವಾದಾಗ ಅವ್ವನ ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ತಾನಾಗೇ ಆಡುತ್ತಿತ್ತು. ಹಗ್ಗ ಇರಲಿಲ್ಲ. ಪುಟ್ಟಿ ಮಗ್ಗುಲಾಗಿ ಬೆರಳು ಚೀಪಿ ಸುಮ್ಮನಾದಳು. ಅವ್ವ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, "ಮಲ್ಕತ್ತು ಕಣೆ." ಆಮೇಲೆ ಮೊರ ಎಳೆದುಕೊಂಡು ಮೆಂತ್ಯ ಸೊಪ್ಪು ಬಿಡಿಸೋಕೆ ಕೂತಳು.